ಸೂಟು ತೆಗೆಯಬೇಕಾದದ್ದು ಹೆಗಲು ನೋಡಿ, ಮದುವೆ ನೋಡಿ ಅಲ್ಲ



ನಮ್ಮ ಮಂಜೇಶ್ವರ, ಕಾಸರಗೋಡು ಕಡೆಯ ಮನೆಗಳಿಂದ ಗಲ್ಫಿಗೆ ಹೊರಡುವವರ ಪೆಟ್ಟಿಗೆಯಲ್ಲಿ ಏನಿರುತ್ತದೆ ಎಂದು ನಮಗೆಲ್ಲ ಗೊತ್ತು. ಮಿಡಿ ಉಪ್ಪಿನಕಾಯಿ, ಎರಡು ಕಿಲೋ ಕುಚ್ಚಲಕ್ಕಿ, ಅಟೆಸ್ಟ್ ಮಾಡಿಸಿದ ಸರ್ಟಿಫಿಕೇಟುಗಳ ಫೈಲು, ಅಮ್ಮ ಬಟ್ಟೆಯ ನಡುವೆ ಇಟ್ಟ ಜಪಮಾಲೆ. ಕಚೇರಿ ಕೆಲಸ ಸಿಕ್ಕಿದವರ ಪೆಟ್ಟಿಗೆಗೆ ಈಗ ಇನ್ನೊಂದು ವಸ್ತು ಸೇರಿಕೊಂಡಿದೆ: ಸೂಟು. ಉಪ್ಪಿನಕಾಯಿಯ ಉಪ್ಪು ಸರಿಯಾಗಿದೆಯೇ ಎಂದು ಮೂರು ಸಲ ರುಚಿ ನೋಡುವ ನಾವು, ಅದಕ್ಕಿಂತ ಹತ್ತಿಪ್ಪತ್ತು ಪಟ್ಟು ದುಡ್ಡು ಕೊಟ್ಟು ತೆಗೆಯುವ ಸೂಟನ್ನು ಮಾತ್ರ ಕಣ್ಣು ಮುಚ್ಚಿ ತೆಗೆಯುತ್ತೇವೆ.

ಕಣ್ಣು ಮುಚ್ಚಿ ಎಂದರೆ ಯಾರನ್ನೂ ಕೇಳದೆ ಅಲ್ಲ. ಎಲ್ಲರನ್ನೂ ಕೇಳಿಯೇ ತೆಗೆಯುತ್ತೇವೆ. ಮನೆಯಲ್ಲಿ, ಅಂಗಡಿಯಲ್ಲಿ, ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಸಿಗುವ ಬುದ್ಧಿಮಾತು ಮೂರೇ. "ಒಂದು ಸೈಜ್ ದೊಡ್ಡದೇ ಇರ್ಲಿ." "ಕೈ ಸ್ವಲ್ಪ ಉದ್ದ ಇದ್ರೆ ಒಳ್ಳೇದು." "ನಾಳೆ ಮದುವೆಗೂ ಆಗ್ಬೇಕಲ್ಲ ಮಾರಾಯ." ಈ ಮೂರೂ ಪ್ರೀತಿಯಿಂದ ಬರುವ ಮಾತುಗಳೇ. ಆದರೆ ಮೂರೂ ತಪ್ಪು. ಕೋಟಿನ ಹೆಗಲು, ತೋಳಿನ ಉದ್ದ, ಬಣ್ಣ ಈ ಮೂರನ್ನೂ ಕೆಡಿಸುವುದು ಈ ಮೂರು ಮಾತುಗಳೇ ಎಂಬುದು ನಮ್ಮ ವಾದ.

ಮೊದಲು ನಡೆದದ್ದನ್ನು ಹೇಳುತ್ತೇವೆ. ನಮ್ಮ ಯುವಸಂಘದ ಗೆಳೆಯನೊಬ್ಬನಿಗೆ ದುಬೈಯ ಲೆಕ್ಕ ಪರಿಶೋಧನೆಯ ಕಚೇರಿಯೊಂದರಲ್ಲಿ ಕೆಲಸ ಸಿಕ್ಕಿತು. ಗ್ರಾಹಕರ ಕಚೇರಿಗಳಿಗೆ ಹೋಗುವ ಕೆಲಸವಾದ್ದರಿಂದ ಸೂಟು ಬೇಕು ಎಂದು ಅವರೇ ಪತ್ರದಲ್ಲಿ ತಿಳಿಸಿದ್ದರು. ಹೊರಡಲು 4 ದಿನ ಇರುವಾಗ ಮನೆಯವರೆಲ್ಲ ರೈಲು ಹತ್ತಿ ಮಂಗಳೂರಿಗೆ ಹೋದರು. ಅಮ್ಮ ಸ್ವಸಹಾಯ ಸಂಘದಿಂದ ಸಾಲ ತೆಗೆದು 9,500 ರೂಪಾಯಿ ಕೊಟ್ಟು ಸೂಟು ಕೊಡಿಸಿದರು. ಹೊಳೆಯುವ ನೀಲಿ ಬಣ್ಣ, ಕಾಲರಿನ ಪಟ್ಟಿಗೆ ಕಪ್ಪು ಸ್ಯಾಟಿನ್, ಸೈಜ್ 42. ಅವನ ಎದೆಯ ಸುತ್ತಳತೆ 38 ಇಂಚು. ಕನ್ನಡಿಯ ಮುಂದೆ ನಿಂತಾಗ ಮಾಮ "ರಾಜನ ಹಾಗೆ ಕಾಣ್ತಿ" ಎಂದರು. ದುಬೈಯಲ್ಲಿ ಮೊದಲ ವಾರವೇ ಹಿರಿಯ ಸಹೋದ್ಯೋಗಿಯೊಬ್ಬರು ಅವನನ್ನು ಪಕ್ಕಕ್ಕೆ ಕರೆದು, "ಇದು ಯಾರದಾದರೂ ಸೂಟಾ?" ಎಂದು ಮೆಲ್ಲ ಕೇಳಿದರಂತೆ. ಅವರು ತಮಾಷೆ ಮಾಡಲಿಲ್ಲ, ಮರುಕದಿಂದಲೇ ಕೇಳಿದರು. ಅದೇ ಅವನಿಗೆ ಹೆಚ್ಚು ನೋವಾಯಿತು. ಮೊದಲ ಸಂಬಳದಲ್ಲಿ ಅವನು ಬೇರೆ ಸೂಟು ತೆಗೆದ. ಮೊದಲ ಸಂಬಳ ಸಾಲಕ್ಕೆ ಹೋಗಬೇಕಿತ್ತು.

ರಜೆಗೆ ಬಂದಾಗ ಅವನು ಆ ನೀಲಿ ಸೂಟನ್ನು ವಾಪಸ್ ತಂದಿದ್ದ. ನಾವು ಅದನ್ನು ಮಂಗಳೂರಿನಲ್ಲಿ ಬಹಳ ವರ್ಷದಿಂದ ಕೋಟು ಹೊಲಿಯುವ ಟೈಲರೊಬ್ಬರ ಹತ್ತಿರ ತೆಗೆದುಕೊಂಡು ಹೋದೆವು. ಈ ಲೇಖನದಲ್ಲಿ ಇರುವ ಬಹುಪಾಲು ಅವರು ಟೇಪು ಹಿಡಿದು ತೋರಿಸಿಕೊಟ್ಟದ್ದು.

ಮೊದಲ ಮಾತು: "ಒಂದು ಸೈಜ್ ದೊಡ್ಡದೇ ಇರ್ಲಿ"

ಟೈಲರ್ ಮೊದಲು ಗೆಳೆಯನ ಬೆನ್ನಿನ ಮೇಲೆ ಒಂದು ಹೆಗಲಿನ ಮೂಳೆಯ ತುದಿಯಿಂದ ಇನ್ನೊಂದು ತುದಿಗೆ ಟೇಪು ಇಟ್ಟರು. 17½ ಇಂಚು. ಆಮೇಲೆ ಕೋಟನ್ನು ಮೇಜಿನ ಮೇಲೆ ಮಗುಚಿ ಹಾಕಿ ಒಂದು ತೋಳಿನ ಹೊಲಿಗೆಯಿಂದ ಇನ್ನೊಂದಕ್ಕೆ ಅಳೆದರು. 18¾ ಇಂಚು. ಅಂದರೆ ಎರಡೂ ಕಡೆ ಅರ್ಧ ಇಂಚಿಗಿಂತ ಸ್ವಲ್ಪ ಹೆಚ್ಚು ಬಟ್ಟೆ, ಒಳಗೆ ಮೂಳೆಯೇ ಇಲ್ಲದೆ ಪ್ಯಾಡಿನ ಬಲದಿಂದ ಗಾಳಿಯಲ್ಲಿ ನಿಂತಿತ್ತು. ಅರ್ಧ ಇಂಚು ಕೇಳುವಾಗ ಸಣ್ಣದು. ಆದರೆ ಆ ಜಾಗದಲ್ಲಿ ಅದು ಅಡಗುವುದಿಲ್ಲ. ಪ್ಯಾಡು ಮುಗಿದ ಕೂಡಲೇ ತೋಳಿನ ಬಟ್ಟೆ ಒಳಕ್ಕೆ ಕುಸಿದು, ಹೆಗಲಿನ ಕೆಳಗೆ ಒಂದು ಗುಳಿ ಬೀಳುತ್ತದೆ. ಯಾರದೋ ಸೂಟಾ ಎಂದು ಕೇಳುವಂತೆ ಮಾಡಿದ್ದು ಆ ಗುಳಿ.

ನಿಯಮ ಇಷ್ಟೇ. ಕೋಟಿನ ಹೆಗಲಿನ ಹೊಲಿಗೆ ನಿಮ್ಮ ಹೆಗಲಿನ ಮೂಳೆ ಮುಗಿದು ತೋಳು ಕೆಳಗೆ ಇಳಿಯಲು ಶುರುವಾಗುವ ಜಾಗದಲ್ಲೇ ಮುಗಿಯಬೇಕು. ಆ ಮೂಳೆಯನ್ನು ಬೆರಳಿನಿಂದ ಒತ್ತಿ ನೋಡಿದರೆ ಯಾರಿಗಾದರೂ ಸಿಗುತ್ತದೆ. ಅಂಗಡಿಯಲ್ಲಿ ಟೇಪು ಇಲ್ಲದೆ ಪರೀಕ್ಷಿಸಲು ಒಂದು ಉಪಾಯ ಉಂಟು. ಕೋಟು ಹಾಕಿಕೊಂಡು ಗೋಡೆಯ ಪಕ್ಕಕ್ಕೆ, ಗೋಡೆ ನಿಮ್ಮ ಬಲಗೈಯ ಕಡೆ ಇರುವಂತೆ ನಿಲ್ಲಿ. ಕೈ ಇಳಿಬಿಟ್ಟು ಮೆಲ್ಲ ಗೋಡೆಗೆ ವಾಲಿ. ನಿಮ್ಮ ತೋಳಿಗಿಂತ ಮೊದಲು ಕೋಟಿನ ಪ್ಯಾಡು ಗೋಡೆಗೆ ತಾಗಿ ಮಡಚಿದರೆ ಕೋಟು ದೊಡ್ಡದು. ಇದಕ್ಕೆ ವಿರುದ್ಧವಾಗಿ, ಹೊಲಿಗೆ ಮೂಳೆಗಿಂತ ಒಳಗೇ ಮುಗಿದು, ತೋಳು ಅದರ ಹೊರಗೆ ಉಬ್ಬಿ ನಿಂತು, ಕೈ ಮುಂದೆ ಚಾಚಿದಾಗ ಬೆನ್ನಿನ ಬಟ್ಟೆ ಬಿಗಿದರೆ ಕೋಟು ಚಿಕ್ಕದು. ಎರಡೂ ಅಲ್ಲದಿದ್ದರೆ ಸರಿ.

"ಆಲ್ಟರ್ ಮಾಡಿಸಿದರೆ ಆಯ್ತಲ್ಲ" ಎಂದು ಅಂಗಡಿಯವರು ಹೇಳುತ್ತಾರೆ. ಇಲ್ಲಿ ನಾವು ಗಟ್ಟಿಯಾಗಿ ಹೇಳುತ್ತೇವೆ: ಹೆಗಲಿನ ಮಟ್ಟಿಗೆ ಈ ಮಾತನ್ನು ನಂಬಬೇಡಿ. ಹೆಗಲು ಕಿರಿದು ಮಾಡಬೇಕಾದರೆ ತೋಳನ್ನು ಪೂರ್ತಿ ಬಿಚ್ಚಬೇಕು, ಲೈನಿಂಗ್ ಬಿಚ್ಚಬೇಕು, ಪ್ಯಾಡ್ ತೆಗೆಯಬೇಕು, ಅಗಲ ಕತ್ತರಿಸಬೇಕು. ಅಷ್ಟರಲ್ಲಿ ತೋಳು ಕೂರುವ ಸುತ್ತಿನ ಆಕಾರವೇ ಬದಲಾಗಿರುತ್ತದೆ. ಆದ್ದರಿಂದ ತೋಳಿನ ಮೇಲ್ಭಾಗವನ್ನೂ ಹೊಸದಾಗಿ ಕತ್ತರಿಸಿ, ನೆರಿಗೆ ಕಾಣದ ಹಾಗೆ ತುಂಬಿಸಿ ಕೂರಿಸಬೇಕು. ನಮ್ಮ ಗೆಳೆಯನ ಸೂಟಿಗೆ ಟೈಲರ್ ಹೇಳಿದ್ದು 1,800 ರೂಪಾಯಿ. ಜೊತೆಗೆ, "ಮಾಡ್ತೇನೆ ತಮ್ಮಾ, ಆದ್ರೆ ಚೆಂದ ಬರ್ತದೆ ಅಂತ ಮಾತು ಕೊಡ್ಲಿಕ್ಕೆ ಆಗುದಿಲ್ಲ" ಎಂದರು. ಪ್ಯಾಡನ್ನು ದಪ್ಪ ಅಥವಾ ತೆಳು ಮಾಡಿದರೆ ಹೆಗಲಿನ ಇಳಿಜಾರು ಸರಿಹೋಗುತ್ತದೆ. ಒಂದು ಹೆಗಲು ಸ್ವಲ್ಪ ತಗ್ಗಿದ್ದರೆ ಅಷ್ಟರಲ್ಲೇ ಕೆಲಸ ಆಗುತ್ತದೆ. ಆದರೆ ಪ್ಯಾಡಿನಿಂದ ಅಗಲ ಕಡಿಮೆಯಾಗುವುದಿಲ್ಲ.

ಹಿರಿಯರ ಲೆಕ್ಕ ನಮಗೆ ಅರ್ಥವಾಗುತ್ತದೆ. ಅದು ಶಾಲೆಯ ಯೂನಿಫಾರ್ಮಿನ ಲೆಕ್ಕ. ಮಗು ಬೆಳೆಯುತ್ತದೆ, ಒಂದು ಸೈಜ್ ದೊಡ್ಡದು ತೆಗೆದರೆ ಎರಡು ವರ್ಷ ಬರುತ್ತದೆ. ಆದರೆ 23 ವರ್ಷದವನ ಹೆಗಲಿನ ಮೂಳೆ ಇನ್ನು ಬೆಳೆಯುವುದಿಲ್ಲ. ಅಲ್ಲಿ ಹೋದ ಮೇಲೆ ಬೆಳೆಯುವುದು ಹೊಟ್ಟೆ. ಹೊಟ್ಟೆಗೆ ದಾರಿ ಉಂಟು. ಕೋಟಿನ ಬೆನ್ನಿನ ನಡುವಿನ ಹೊಲಿಗೆಯಲ್ಲಿ, ಪಕ್ಕದ ಹೊಲಿಗೆಗಳಲ್ಲಿ, ಪ್ಯಾಂಟಿನ ಹಿಂಭಾಗದ ನಡುಹೊಲಿಗೆಯಲ್ಲಿ ಸಾಮಾನ್ಯವಾಗಿ ಸ್ವಲ್ಪ ಹೆಚ್ಚಿನ ಬಟ್ಟೆ ಮಡಚಿ ಬಿಟ್ಟಿರುತ್ತಾರೆ. ಒಳಗೆ ಮಗುಚಿ ನೋಡಿದರೆ ಕಾಣುತ್ತದೆ. ಅದನ್ನು ಬಿಚ್ಚಿ ಸೊಂಟವನ್ನು ಒಂದು ಇಂಚಿನಷ್ಟು ಹಿಗ್ಗಿಸುವುದು ಯಾವ ಊರಿನ ಟೈಲರಿಗೂ ಸುಲಭದ ಕೆಲಸ. ಹಾಗಾದರೆ ಉಳಿತಾಯದ ಲೆಕ್ಕವೇ ಏನು ಹೇಳುತ್ತದೆ? ಬದಲಾಗದ ಹೆಗಲಿಗೆ ಸರಿಯಾದದ್ದು ತೆಗೆಯಿರಿ, ಬದಲಾಗುವ ಸೊಂಟವನ್ನು ಆಮೇಲೆ ಹಿಗ್ಗಿಸಿ ಎಂದು. ನಾವು ಮಾಡುತ್ತಿರುವುದು ಇದರ ತಲೆಕೆಳಗು.

ಇದೇ ಕಾರಣಕ್ಕೆ ಇನ್ನೊಂದು ಮಾತು. ಅಣ್ಣನ ಸೂಟೋ ಮಾಮನ ಸೂಟೋ ಮನೆಯಲ್ಲಿದ್ದು, ಅದರ ಹೆಗಲು ನಿಮಗೆ ಸರಿಯಾಗಿ ಕೂತರೆ, ಹೊಸದು ತೆಗೆಯಲೇ ಬೇಡಿ. ಸೊಂಟ, ತೋಳು, ಪ್ಯಾಂಟಿನ ಉದ್ದ ಸರಿಮಾಡಿಸಿ ಹಾಕಿಕೊಳ್ಳಿ. ಹೆಗಲು ಕೂರದಿದ್ದರೆ ಮಾತ್ರ, ಎಷ್ಟೇ ಪ್ರೀತಿಯಿಂದ ಕೊಟ್ಟರೂ, ಎಷ್ಟೇ ಬೆಲೆಯದಾದರೂ, ವಂದನೆ ಹೇಳಿ ವಾಪಸ್ ಕೊಡಿ. ದಾವೀದನ ಕಥೆ ನಮಗೆಲ್ಲ ಗೊತ್ತು. ಗೊಲ್ಯಾತನ ಎದುರು ಹೋಗುವಾಗ ಸೌಲ ರಾಜ ತನ್ನದೇ ಯುದ್ಧದ ಉಡುಪನ್ನು ಅವನಿಗೆ ತೊಡಿಸಿದ. ಅದು ರಾಜನದ್ದೇ ಉಡುಪು, ಕೊಟ್ಟದ್ದು ಒಳ್ಳೆಯ ಮನಸ್ಸಿನಿಂದಲೇ. ಆದರೆ ದಾವೀದನಿಗೆ ಅದರಲ್ಲಿ ನಡೆಯಲು ಆಗಲಿಲ್ಲ. ಅವನು ರಾಜನಿಗೆ ಅದನ್ನು ನೇರವಾಗಿ ಹೇಳಿ ಬಿಚ್ಚಿಟ್ಟ. ರಾಜನಿಗೆ ಹೇಳಲು ಅವನಿಗೆ ಆದದ್ದು ಮಾಮನಿಗೆ ಹೇಳಲು ನಮಗೆ ಯಾಕೆ ಆಗಬಾರದು?

ಎರಡನೆಯ ಮಾತು: "ಕೈ ಸ್ವಲ್ಪ ಉದ್ದ ಇದ್ರೆ ಒಳ್ಳೇದು"

ಈ ಮಾತು ಹತ್ತಿ ಬಟ್ಟೆಯ ಭಯದಿಂದ ಬಂದದ್ದು. ಒಗೆದರೆ ಕುಗ್ಗುತ್ತದೆ ಎಂಬ ಭಯ. ಸೂಟನ್ನು ನಾವು ಬಕೆಟಿನಲ್ಲಿ ನೆನೆಹಾಕಿ ಒಗೆಯುವುದಿಲ್ಲ, ಡ್ರೈಕ್ಲೀನಿಂಗಿಗೆ ಕೊಡುತ್ತೇವೆ. ಆದ್ದರಿಂದ ಕುಗ್ಗುವ ಲೆಕ್ಕ ಇಲ್ಲಿ ಬರುವುದಿಲ್ಲ. ಬರುವುದು ಅಂಗೈಯ ಅರ್ಧ ಮುಚ್ಚಿದ, ಬೆರಳಿನ ಗಂಟಿನವರೆಗೆ ಇಳಿದ ತೋಳು ಮಾತ್ರ.

ಸರಿಯಾದ ಉದ್ದ ಹೀಗೆ. ಕೈಗಳನ್ನು ಸುಮ್ಮನೆ ಇಳಿಬಿಟ್ಟಾಗ ಕೋಟಿನ ತೋಳು ಮಣಿಕಟ್ಟಿನ ಮೂಳೆಯ ಹತ್ತಿರ ಮುಗಿಯಬೇಕು. ಅದರ ಕೆಳಗೆ ಅಂಗಿಯ ಕಫ್ ಸುಮಾರು ಅರ್ಧ ಇಂಚು ಹೊರಗೆ ಕಾಣಬೇಕು. ಈ ಅರ್ಧ ಇಂಚು ಬರೀ ಶೋಕಿಗಲ್ಲ. ಬೆವರು, ಮೇಜಿನ ಧೂಳು ಎಲ್ಲ ಮೊದಲು ತಾಗುವುದು ಕಫಿಗೆ. ಅಂಗಿಯನ್ನು ದಿನಾ ಒಗೆಯಬಹುದು, ಕೋಟನ್ನು ಒಗೆಯಲಾಗುವುದಿಲ್ಲ.

ಹಾಗಾದರೆ ಕೋಟು ಅಳೆಯುವ ಮೊದಲು ಅಂಗಿ ಸರಿ ಇರಬೇಕು. ನಮ್ಮ ಹುಡುಗರಲ್ಲಿ ಹೆಚ್ಚಿನವರು ಟೀಶರ್ಟ್ ಹಾಕಿಕೊಂಡು ಅಂಗಡಿಗೆ ಹೋಗಿ, ಅದರ ಮೇಲೆಯೇ ಕೋಟು ಹಾಕಿ ನೋಡುತ್ತಾರೆ. ಆಗ ತೋಳು ಎಲ್ಲಿ ಮುಗಿಯಬೇಕು ಎಂದು ತಿಳಿಯುವ ದಾರಿಯೇ ಇಲ್ಲ. ಕೆಲಸಕ್ಕೆ ಹಾಕುವ ತುಂಬುತೋಳಿನ ಅಂಗಿಯನ್ನೇ ಹಾಕಿಕೊಂಡು, ಕಫಿನ ಗುಂಡಿ ಹಾಕಿ ಹೋಗಿ. ಕಫ್ ಅಂಗೈ ಶುರುವಾಗುವಲ್ಲಿ ನಿಲ್ಲಬೇಕು. ಅಂಗಿಯ ಕಫೇ ಹೆಬ್ಬೆರಳಿನ ಮೇಲೆ ಇಳಿದಿದ್ದರೆ ಕೋಟಿನ ಲೆಕ್ಕವೂ ತಪ್ಪುತ್ತದೆ.

ಇನ್ನು ಒಂದು ಸಂಗತಿ ನಮಗೆ ಟೈಲರ್ ತೋರಿಸುವ ತನಕ ಹೊಳೆದೇ ಇರಲಿಲ್ಲ. ಗೆಳೆಯನ ಕೋಟಿನ ತೋಳು ಮಣಿಕಟ್ಟಿನಿಂದ ಒಂದೂಕಾಲು ಇಂಚು ಕೆಳಗೆ ಇಳಿದಿತ್ತು. ಅದರಲ್ಲಿ ಅರ್ಧ ಇಂಚಿನಷ್ಟು ತೋಳಿನ ತಪ್ಪೇ ಅಲ್ಲ, ಹೆಗಲಿನ ತಪ್ಪು. ಹೆಗಲು ಹೊರಗೆ ಜಾರಿದಷ್ಟೂ ತೋಳು ಕೆಳಗೆ ಜಾರುತ್ತದೆ. ಅದಕ್ಕಾಗಿಯೇ ಮೊದಲು ಹೆಗಲು, ಕೊನೆಗೆ ತೋಳು ನೋಡುವುದು. ಹೆಗಲು ಸರಿಯಾದ ಸೈಜಿನ ಕೋಟು ಹಾಕಿದರೆ ತೋಳಿನ ಸಮಸ್ಯೆ ಅರ್ಧ ತನ್ನಿಂದ ತಾನೇ ಮುಗಿಯುತ್ತದೆ.

ಉಳಿದರ್ಧಕ್ಕೆ ಕತ್ತರಿ ಸಾಕು. ತೋಳನ್ನು ಕೆಳಗಿನಿಂದ ಗಿಡ್ಡ ಮಾಡುವುದು ಸುಲಭ. ಆದರೆ ತೋಳಿನ ತುದಿಯ ಗುಂಡಿಗಳನ್ನು ಮೊದಲು ನೋಡಿ. ಹೆಚ್ಚಿನ ರೆಡಿಮೇಡ್ ಕೋಟುಗಳಲ್ಲಿ ಅವು ಬರೀ ತೋರಿಕೆಗೆ ಹೊಲಿದ ಗುಂಡಿಗಳು, ಕಾಜಾ ಕತ್ತರಿಸಿರುವುದಿಲ್ಲ. ಅಂಥವನ್ನು ಕಿತ್ತು ಮೇಲಕ್ಕೆ ಹೊಲಿಯಬಹುದು. ಕಾಜಾ ನಿಜವಾಗಿ ಕತ್ತರಿಸಿದ್ದರೆ ಅದನ್ನು ಮೇಲಕ್ಕೆ ಸರಿಸಲಾಗುವುದಿಲ್ಲ. ಹೆಚ್ಚು ಗಿಡ್ಡ ಮಾಡಿದರೆ ಕೊನೆಯ ಗುಂಡಿ ಅಂಚಿಗೆ ಅಂಟಿಕೊಂಡು ನಿಲ್ಲುತ್ತದೆ. ತಪ್ಪಿಸಬೇಕಾದರೆ ತೋಳನ್ನು ಹೆಗಲಿನಿಂದಲೇ ಬಿಚ್ಚಬೇಕು, ಮತ್ತೆ ಅದೇ ದುಬಾರಿ ಕೆಲಸ. ತೋಳು ಗಿಡ್ಡವಾದರೆ ಒಳಗೆ ಮಡಚಿದ ಬಟ್ಟೆಯನ್ನು ಬೆರಳಿನಿಂದ ಮುಟ್ಟಿ ನೋಡಿ. ಅಲ್ಲಿ ಎಷ್ಟಿದೆಯೋ ಅದಕ್ಕಿಂತ ಕಡಿಮೆಯೇ ಉದ್ದ ಸಿಗುತ್ತದೆ. ಎರಡೂ ಕೈ ಅಳೆಸಿ. ಹೆಚ್ಚಿನವರ ಕೈ ಒಂದೇ ಉದ್ದ ಇರುವುದಿಲ್ಲ.

ಮೂರನೆಯ ಮಾತು: "ಮದುವೆಗೂ ಆಗ್ಬೇಕಲ್ಲ"

ಈ ಮಾತಿನಿಂದಲೇ ಹೊಳೆಯುವ ನೀಲಿ, ಮೆರೂನ್, ಸ್ಯಾಟಿನ್ ಕಾಲರು ಎಲ್ಲ ಬರುವುದು. ನಮ್ಮ ಕಡೆಯ ಮದುವೆಯ ರಿಸೆಪ್ಷನ್ನಿಗೆ ಅದು ಚೆಂದವೇ. ಅಲ್ಲಿ ವೇದಿಕೆ ಉಂಟು, ಲೈಟು ಉಂಟು, ಎಲ್ಲರೂ ಮದುಮಗನನ್ನೇ ನೋಡಬೇಕು. ಕಚೇರಿಯಲ್ಲಿ ಹೊಸದಾಗಿ ಸೇರಿದವನ ಕೆಲಸ ನೋಡಬೇಕು, ಕೋಟನ್ನಲ್ಲ. ಸ್ಯಾಟಿನ್ ಪಟ್ಟಿಯ ಕಾಲರು ಪಾಶ್ಚಾತ್ಯ ಪದ್ಧತಿಯಲ್ಲಿ ಸಂಜೆಯ ಔತಣದ ಉಡುಪಿಗೆ ಸೇರಿದ್ದು. ಬೆಳಿಗ್ಗೆ 8 ಗಂಟೆಗೆ ಅದನ್ನು ಹಾಕಿಕೊಂಡು ಲೆಕ್ಕ ನೋಡಲು ಹೋದರೆ ರಾತ್ರಿಯ ಪಾರ್ಟಿಯಿಂದ ನೇರ ಬಂದ ಹಾಗೆ ಕಾಣುತ್ತದೆ.

"ಹಾಗಾದ್ರೆ ಕಪ್ಪು ತೆಗೀತೇವೆ, ಅದು ಎಲ್ಲದಕ್ಕೂ ಆಗ್ತದೆ" ಎನ್ನುವವರಿದ್ದಾರೆ. ಕಪ್ಪು ಅಪರಾಧವಲ್ಲ, ಅಲ್ಲಿಯೂ ಹಾಕುವವರಿದ್ದಾರೆ. ಆದರೆ ಇರುವುದೊಂದೇ ಸೂಟು ಎಂದಾದರೆ ಕಪ್ಪು ಒಳ್ಳೆಯ ಆಯ್ಕೆಯಲ್ಲ. ಆ ಪದ್ಧತಿಯಲ್ಲಿ ಅದು ಮುಖ್ಯವಾಗಿ ಸಂಜೆಗೆ ಮತ್ತು ಶವಸಂಸ್ಕಾರಕ್ಕೆ. ಹೋಟೆಲುಗಳಲ್ಲಿ ಸಿಬ್ಬಂದಿಯ ಸಮವಸ್ತ್ರವೂ ಎಷ್ಟೋ ಕಡೆ ಅದೇ. ಧೂಳು, ನೂಲಿನ ಎಳೆ, ತಲೆಯ ಹೊಟ್ಟು ಎಲ್ಲ ಕಪ್ಪಿನ ಮೇಲೆ ಎದ್ದು ಕಾಣುತ್ತದೆ. ಪಾಲಿಸ್ಟರ್ ಹೆಚ್ಚಿರುವ ಕಡಿಮೆ ಬೆಲೆಯ ಬಟ್ಟೆಯಾದರೆ, ಬಿಸಿ ಇಸ್ತ್ರಿ ತಾಗಿದ ಮೊಣಕೈ, ಮೊಣಕಾಲು ಬೇಗ ಮಿನುಗತೊಡಗುತ್ತದೆ. ಗಾಢ ಬಣ್ಣಗಳಲ್ಲಿ ಆ ಮಿನುಗು ಇನ್ನೂ ಹೆಚ್ಚು ಕಾಣುತ್ತದೆ. ನಡುವೆ ತೆಳು ಬಟ್ಟೆ ಇಟ್ಟು ಇಸ್ತ್ರಿ ಹಾಕಿ.

ಮೊದಲ ಸೂಟಿಗೆ ಎರಡೇ ಬಣ್ಣ: ನೇವಿ ನೀಲಿ ಅಥವಾ ಗಾಢ ಬೂದು. ಚೌಕುಳಿ ಬೇಡ, ಎದ್ದು ಕಾಣುವ ಗೆರೆ ಬೇಡ, ಹೊಳಪು ಬೇಡ. ಎರಡರಲ್ಲಿ ಒಂದು ಎಂದರೆ ನಾವು ನೇವಿ ಎನ್ನುತ್ತೇವೆ. ಅದರ ಕೋಟನ್ನು ಬೂದು ಪ್ಯಾಂಟಿನ ಜೊತೆ ಬೇರೆಯಾಗಿಯೂ ಹಾಕಬಹುದು. ಬಿಳಿ ಅಂಗಿ, ತಿಳಿನೀಲಿ ಅಂಗಿ ಎರಡೂ ಹೊಂದುತ್ತವೆ. ಆದರೆ ಬಣ್ಣವನ್ನು ಅಂಗಡಿಯ ಲೈಟಿನಲ್ಲಿ ನಂಬಬೇಡಿ. ಬಟ್ಟೆ ತನ್ನ ಮೇಲೆ ಬಿದ್ದ ಬೆಳಕನ್ನೇ ತಿರುಗಿಸಿ ಕಳಿಸುತ್ತದೆ. ಲೈಟಿನಲ್ಲಿ ಇಲ್ಲದ ಬಣ್ಣ ಬಟ್ಟೆಯಲ್ಲಿ ಕಾಣಲಾರದು. ಹಳದಿ ಲೈಟಿನ ಕೆಳಗೆ ನೇವಿ ಕಪ್ಪಾಗಿ ಕಾಣುತ್ತದೆ, ಅಲ್ಲಿ ನೇವಿಯಾಗಿ ಕಂಡದ್ದು ಬಿಸಿಲಿನಲ್ಲಿ ನೇರಳೆಯಾಗಬಹುದು. ಕೋಟನ್ನು ಬಾಗಿಲಿನ ಹತ್ತಿರ, ಹಗಲು ಬೆಳಕಿಗೆ ತಂದು ನೋಡಿ. ಪ್ಯಾಂಟನ್ನೂ ಜೊತೆಗೆ ತನ್ನಿ, ಎರಡೂ ಒಂದೇ ಬಣ್ಣ ಹೌದೇ ಎಂದು ಗೊತ್ತಾಗುವುದೂ ಅಲ್ಲಿಯೇ.

ಮದುವೆಯ ಚಿಂತೆಗೆ ಉತ್ತರ ಇಲ್ಲೇ ಇದೆ. ನೇವಿ ಸೂಟಿಗೆ ಬಿಳಿ ಅಂಗಿ, ಒಳ್ಳೆಯ ಟೈ ಹಾಕಿದರೆ ಅದು ಮದುವೆಯ ಪೂಜೆಗೂ ನಡೆಯುತ್ತದೆ, ರಿಸೆಪ್ಷನ್ನಿಗೂ ನಡೆಯುತ್ತದೆ. ಕೆಲಸದ ಸೂಟು ಮದುವೆಗೆ ಹೋಗುತ್ತದೆ. ಮದುವೆಯ ಸೂಟು ಕೆಲಸಕ್ಕೆ ಹೋಗುವುದಿಲ್ಲ. ಒಂದೇ ಸೂಟಿನಲ್ಲಿ ಎರಡೂ ಆಗಬೇಕು ಎನ್ನುವವರೇ ಮೊದಲು ನೇವಿ ತೆಗೆಯಬೇಕು.

ಈ ಸಲ ನಾವು ಮಾಡಿದ್ದು

ಈ ವರ್ಷ ಇನ್ನೊಬ್ಬ ತಮ್ಮನಿಗೆ ಕೆಲಸ ಸಿಕ್ಕಿದಾಗ, ಹೊರಡಲು 2 ವಾರ ಇರುವಾಗಲೇ ನಾವು ಮೂವರು ಜೊತೆಗೆ ಹೋದೆವು. ಅವನು ತುಂಬುತೋಳಿನ ಅಂಗಿ, ಶೂ ಹಾಕಿಕೊಂಡು ಬಂದಿದ್ದ. ಕಂಕುಳಿನ ಕೆಳಗೆ ಎದೆಯ ಸುತ್ತ ಟೇಪು ಹಿಡಿದಾಗ 37½ ಬಂತು. ಅಂಗಡಿಯಲ್ಲಿ 40 ತಂದರು, ಗೋಡೆಗೆ ವಾಲಿದಾಗ ಪ್ಯಾಡು ಮಡಚಿತು. ನಾವು 38 ಕೇಳಿದೆವು. "ಬಿಗಿ ಆಗ್ತದೆ" ಎಂದರು. ಹಾಕಿದ, ಗುಂಡಿ ಹಾಕಿದ, ಕೈ ಮುಂದೆ ಚಾಚಿದ, ಕುರ್ಚಿಯಲ್ಲಿ ಕೂತು ಎದ್ದ. ಹೆಗಲು ಕೂತಿತ್ತು, ಕುತ್ತಿಗೆಯ ಹಿಂದೆ ಕೋಟಿನ ಕಾಲರು ಅಂಗಿಯ ಕಾಲರಿಗೆ ಅಂಟಿಕೊಂಡೇ ಇತ್ತು. ಬೆನ್ನು ಅವನಿಗೇ ಕಾಣುವುದಿಲ್ಲವಲ್ಲ, ಅದಕ್ಕೆ ಹಿಂದಿನಿಂದ ಫೋಟೋ ತೆಗೆದು ತೋರಿಸಿದೆವು. ಬಾಗಿಲಿನ ಬೆಳಕಿನಲ್ಲಿ ನೋಡಿದಾಗ ಮೊದಲ ನೇವಿ ನೇರಳೆಯಾಗಿ ಕಂಡಿತು, ಎರಡನೆಯದು ಸರಿ ಇತ್ತು. ಬೆಲೆ 6,800. ತೋಳು ಮುಕ್ಕಾಲು ಇಂಚು ಗಿಡ್ಡ ಮಾಡಿ ಪ್ಯಾಂಟಿನ ಉದ್ದ ಸರಿಮಾಡಲು 450. ಒಟ್ಟು 7,250 ರೂಪಾಯಿ. ಹೊಳೆಯುವ ನೀಲಿಗಿಂತ 2,250 ಕಡಿಮೆ.

ಮನೆಗೆ ಬಂದು ಒಂದು ಕೆಲಸ ಬಾಕಿ ಇತ್ತು. ಕೋಟಿನ ಹಿಂದಿನ ಸೀಳಿಗೆ ಅಡ್ಡಡ್ಡ ಹಾಕಿದ ತಾತ್ಕಾಲಿಕ ನೂಲು, ತೋಳಿನ ತುದಿಗೆ ಹೊಲಿದ ಕಂಪನಿಯ ಚೀಟಿ, ಎರಡನ್ನೂ ಬ್ಲೇಡಿನಿಂದ ಮೆಲ್ಲ ಬಿಡಿಸಿದೆವು. ಅವು ಅಂಗಡಿಯಲ್ಲಿ ಆಕಾರ ಕೆಡದಿರಲು, ಗುರುತು ಹಿಡಿಯಲು ಹಾಕಿದ್ದು. ಅವುಗಳನ್ನು ಇಟ್ಟುಕೊಂಡೇ ವಿಮಾನ ಹತ್ತಿದವರನ್ನು ನಾವು ನೋಡಿದ್ದೇವೆ.

ಸಹೋದರಿಯರೇ, ನಿಮ್ಮ ಬ್ಲೇಜರಿಗೂ ಹೆಗಲಿನ ನಿಯಮ ಇದೇ, ಗೋಡೆಯ ಪರೀಕ್ಷೆಯೂ ಇದೇ. "ಹೆಣ್ಮಕ್ಕಳಿಗೆ ಸಡಿಲ ಇರ್ಲಿ" ಎಂಬ ನಾಲ್ಕನೆಯ ಮಾತನ್ನು ಕೇಳಿ ದೊಡ್ಡ ಹೆಗಲಿನದ್ದು ತರಬೇಡಿ. ಸಡಿಲ ಬೇಕಾದದ್ದು ಎದೆ ಮತ್ತು ಸೊಂಟದ ಹತ್ತಿರ, ಅದನ್ನು ಟೈಲರ್ ಕೊಡಬಲ್ಲರು.

ಹೆತ್ತವರಲ್ಲಿ ಒಂದು ವಿನಂತಿ. ಸಾಲ ಮಾಡಿ ಕೊಡಿಸುವವರು ನೀವು, ಆದ್ದರಿಂದ ಆರಿಸುವ ಹಕ್ಕೂ ನಿಮ್ಮದೇ ಎಂದು ಅನಿಸುವುದು ಸಹಜ. ಆದರೆ ಅಂಗಡಿಯಲ್ಲಿ "ಚೆಂದ ಕಾಣ್ತದೆ" ಎನ್ನುವ ಮೊದಲು ಮಗನನ್ನು ಒಮ್ಮೆ ಗೋಡೆಗೆ ವಾಲಿಸಿ ನೋಡಿ. ಪ್ಯಾಡು ಮೊದಲು ತಾಗಿದರೆ, ಎಷ್ಟೇ ಡಿಸ್ಕೌಂಟ್ ಇದ್ದರೂ, ಅದನ್ನು ಅಲ್ಲೇ ಬಿಟ್ಟು ಬನ್ನಿ.

ಯುವಸಂಘದ ಕಪಾಟಿನಲ್ಲಿ ಈಗ ಒಂದು ಟೇಪು ಇಟ್ಟಿದ್ದೇವೆ. ಹೊರಡುವ ದಿನ ಗೊತ್ತಾದ ಕೂಡಲೇ ಯಾವ ಭಾನುವಾರವಾದರೂ ಪೂಜೆ ಮುಗಿದ ಮೇಲೆ ಬನ್ನಿ. ಎದೆ, ಹೆಗಲು, ಎರಡೂ ಕೈ ಅಳೆದು ಚೀಟಿಯಲ್ಲಿ ಬರೆದು ಕೊಡುತ್ತೇವೆ. ಬೇಕಾದರೆ ಮಂಗಳೂರಿಗೆ ಜೊತೆಗೂ ಬರುತ್ತೇವೆ. ರೈಲಿನ ಟಿಕೆಟು ನಮ್ಮದು, ಚಹಾ ನಿಮ್ಮದು.